ಹೆಸರು ಹಿಡಿದು ಹೇಳಿದ ಮಾತು

ಫಾದರ್, ಸಿಸ್ಟರ್ಸ್, ಬೆಳ್ಳಿ ಹಬ್ಬ, ಬಂಗಾರದ ಹಬ್ಬ ಆಚರಿಸುತ್ತಿರುವ ಎಲ್ಲ ಜೋಡಿಗಳೇ, ನಿಮ್ಮನ್ನು ಕರೆದುಕೊಂಡು ಬಂದ ಮಕ್ಕಳೇ, ಎಲ್ಲರಿಗೂ ನಮಸ್ಕಾರ. ಪವಿತ್ರ ಕುಟುಂಬದ ಹಬ್ಬದ ಶುಭಾಶಯಗಳು. ಹನ್ನೊಂದಕ್ಕೆ ಪೂಜೆ. ಪೂಜೆಯಲ್ಲಿ ನೀವೆಲ್ಲ ಮದುವೆಯ ವಾಗ್ದಾನವನ್ನು ಮತ್ತೆ ಹೇಳುತ್ತೀರಿ. ಅದಕ್ಕೆ ಮೊದಲು ಸ್ವಲ್ಪ ಮಾತಾಡಿ ಅಂತ ಫಾದರ್ ನನ್ನನ್ನು ನಿಲ್ಲಿಸಿದ್ದಾರೆ. ನಮ್ಮ ಯಜಮಾನರು ಅಲ್ಲಿ ಮೂರನೇ ಸಾಲಲ್ಲಿ ಕೂತಿದ್ದಾರೆ. ನಾನು ಜಾಸ್ತಿ ಎಳೆದರೆ ಗಡಿಯಾರ ತೋರಿಸುತ್ತಾರೆ.

ಒಂದು ಪ್ರಶ್ನೆ. ನಿಮ್ಮ ಮದುವೆ ಮಾಡಿಸಿದ್ದು ಯಾರು? ಇಂಥ ಫಾದರ್ ಮಾಡಿಸಿದರು ಅಂತೀವಿ. ಆದರೆ ನಮ್ಮ ಧರ್ಮಸಭೆ ಹೇಳುವುದು ಬೇರೆ. ಈ ಸಂಸ್ಕಾರವನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವವರು ಮದುಮಗ, ಮದುಮಗಳೇ. ಫಾದರ್ ಧರ್ಮಸಭೆಯ ಪರವಾಗಿ ನಿಂತು ನಿಮ್ಮ ಒಪ್ಪಿಗೆ ಕೇಳಿ ಪಡೆದವರು. ಉಂಗುರ, ತಾಳಿ, ಹಾರ, ಫೋಟೋ ಎಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಮಾತು. ಎದುರು ಬದುರು ನಿಂತು, ಇಡೀ ಊರಿಗೆ ಕೇಳುವ ಹಾಗೆ, ಬಾಯಿ ಬಿಟ್ಟು ಹೇಳಿದ ಮಾತು. ಮನಸ್ಸಲ್ಲಿ ಇದೆ ಬಿಡಿ ಅಂದಿದ್ದರೆ ಆವತ್ತು ಮದುವೆ ಆಗುತ್ತಲೇ ಇರಲಿಲ್ಲ, ಅಲ್ವಾ?

ಇನ್ನೊಂದು ನೆನಪು ಮಾಡಿಕೊಳ್ಳಿ. ಆವತ್ತು ನಾವು ಹೆಸರು ಹಿಡಿದು ಹೇಳಿದೆವು. ನಮ್ಮ ಕಡೆ ಎಷ್ಟೋ ಹೆಂಗಸರು ಗಂಡನ ಹೆಸರು ಬಾಯಲ್ಲಿ ತೆಗೆದದ್ದು ಆ ಒಂದು ದಿನ ಮಾತ್ರ. ಮಾರನೇ ದಿನದಿಂದ ‘ರೀ’, ‘ಏನ್ರೀ’. ಮಗು ಹುಟ್ಟಿದ ಮೇಲೆ ‘ಇವಳ ಅಪ್ಪ’. ಗಂಡಸರೇನು ಕಡಿಮೆ? ‘ಏ’, ‘ಇವಳೇ’, ‘ಕೇಳಿಸ್ತಾ’. ‘ರೀ’ ಅನ್ನುವುದರಲ್ಲೂ ಪ್ರೀತಿ ಇದೆ, ಅದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಇವತ್ತು ಪೀಠದ ಮುಂದೆ ಹೆಸರು ಹೇಳಿ. ನಾಚಿಕೆ ಆದರೆ ಆಗಲಿ.

ಈಗ ಮನೆ ಮಾತಿಗೆ ಬರೋಣ. ಗ್ಯಾಸ್ ಬುಕ್ ಮಾಡಿದ್ರಾ? ಅಮ್ಮನ ಬಿಪಿ ಮಾತ್ರೆ ಮುಗೀತು. ಮಗಳ ಫೀಸ್ ಹದಿನೈದರೊಳಗೆ ಕಟ್ಟಬೇಕು. ಬರ್ತಾ ಮೊಸರು ತನ್ನಿ. ಇದೆಲ್ಲ ಬೇಕಾದ ಮಾತೇ. ಇದಿಲ್ಲದೆ ಸಂಸಾರ ನಡೆಯುವುದಿಲ್ಲ. ತೊಂದರೆ ಏನೆಂದರೆ, ಇಪ್ಪತ್ತು ವರ್ಷ ಆಗುವಷ್ಟರಲ್ಲಿ ಎಷ್ಟೋ ಮನೆಯಲ್ಲಿ ಇದೊಂದೇ ಉಳಿದಿರುತ್ತದೆ. ದಿನಾ ಮಾತಾಡುತ್ತಾರೆ, ಆದರೆ ಮನಸ್ಸಲ್ಲಿ ಇರುವುದನ್ನು ಹೇಳಿಕೊಂಡು ವರ್ಷವೇ ಆಗಿರುತ್ತದೆ.

ನಾನೂ ನಮ್ಮ ಯಜಮಾನರೂ ಮದುವೆ ತಯಾರಿ ಶಿಬಿರ ನಡೆಸುತ್ತೇವೆ. ಅಲ್ಲಿ ಒಂದು ಕಥೆ ಹೇಳುತ್ತೇವೆ. ಯಾವ ಮನೆಯದ್ದೂ ಅಲ್ಲ, ಎಲ್ಲ ಮನೆಯದ್ದೂ ಹೌದು. ಗಂಡ ತಂಗಿಗೆ ಇಪ್ಪತ್ತು ಸಾವಿರ ಕೊಟ್ಟ. ಹೆಂಡತಿಗೆ ಹೇಳಲಿಲ್ಲ, ಸುಮ್ನೆ ರಗಳೆ ಬೇಡ ಅಂತ. ಅವಳಿಗೆ ಗೊತ್ತಾದದ್ದು ಅವನ ಫೋನಿಗೆ ಬಂದ ಬ್ಯಾಂಕ್ ಮೆಸೇಜಿನಿಂದ. ಅವಳೂ ಕೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅವನು ಸಾರಿಗೆ ಉಪ್ಪು ಕಡಿಮೆ ಅಂದ. ‘ಹೌದು, ನಾನು ಮಾಡಿದ್ದು ಯಾವುದು ಸರಿ ಇರುತ್ತೆ ಈ ಮನೇಲಿ’ ಅಂತ ಅವಳು ಪಾತ್ರೆ ಕುಕ್ಕಿದಳು. ಅವನು ತಟ್ಟೆ ಬಿಟ್ಟು ಎದ್ದ. ನಾಲ್ಕು ದಿನ ಮಾತಿಲ್ಲ. ಮಕ್ಕಳ ಮೂಲಕ ಸಂದೇಶ: ‘ಅಪ್ಪಂಗೆ ಹೇಳು ಕಾಫಿ ಆಗಿದೆ ಅಂತ.’ ಮಕ್ಕಳ ಲೆಕ್ಕದಲ್ಲಿ ಅದು ಉಪ್ಪಿನ ಜಗಳ. ಗಂಡನೂ ಹಾಗೇ ಅಂದುಕೊಂಡಿದ್ದಾನೆ. ಅವಳಿಗೆ ನೋವಾದದ್ದು ದುಡ್ಡಿಗೂ ಅಲ್ಲ, ತನ್ನನ್ನು ಒಂದು ಮಾತು ಕೇಳಲಿಲ್ಲ ಅನ್ನುವುದಕ್ಕೆ. ‘ನನಗೆ ಹೇಳದೆ ಕೊಟ್ಟಿರಿ, ನನಗೆ ಬೇಜಾರಾಯ್ತು.’ ಇಷ್ಟು ಹೇಳಿದ್ದರೆ ಜಗಳ ಆಗುತ್ತಿತ್ತು, ನಿಜ. ಆದರೆ ಸರಿಯಾದ ಜಗಳ ಆಗುತ್ತಿತ್ತು.

ಇವತ್ತಿನ ಶುಭಸಂದೇಶ ಲೂಕನದು. ಪಾಸ್ಖ ಹಬ್ಬ ಮುಗಿಸಿ ಮರಿಯಮ್ಮ, ಸಂತ ಜೋಸೆಫರು ಜೆರುಸಲೇಮಿನಿಂದ ವಾಪಸ್ ಹೊರಟಿದ್ದಾರೆ. ಹನ್ನೆರಡು ವರ್ಷದ ಯೇಸು ಅಲ್ಲೇ ಉಳಿದುಬಿಟ್ಟಿದ್ದಾನೆ. ನಮ್ಮವರ ಗುಂಪಲ್ಲಿ ಎಲ್ಲೋ ಇರಬೇಕು ಅಂದುಕೊಂಡು ಇವರು ಇಡೀ ಒಂದು ದಿನದ ದಾರಿ ನಡೆದಿದ್ದಾರೆ. ಆಮೇಲೆ ಹುಡುಕಾಟ. ನೋಡಿ, ಪವಿತ್ರ ಕುಟುಂಬದಲ್ಲೇ ‘ಅಂದುಕೊಂಡು’ ನಡೆದದ್ದಕ್ಕೆ ಇಷ್ಟು ಪಾಡಾಯಿತು. ನಾವು ‘ಅವಳಿಗೆ ಗೊತ್ತಿರುತ್ತೆ’, ‘ಅವರಿಗೆ ಅರ್ಥ ಆಗಿರುತ್ತೆ’ ಅಂತ ಎಷ್ಟು ವರ್ಷದ ದಾರಿ ನಡೆದಿದ್ದೇವೋ!

ಮೂರು ದಿನದ ಮೇಲೆ ಮಗ ದೇವಾಲಯದಲ್ಲಿ ಸಿಕ್ಕ. ಆಗ ತಾಯಿ ಆಡಿದ ಮಾತು ನನಗೆ ತುಂಬ ಇಷ್ಟ. ಯಾಕೆ ಹೀಗೆ ಮಾಡಿದೆ ಅಂತ ನೇರವಾಗಿ ಕೇಳುತ್ತಾಳೆ. ನಿನ್ನ ತಂದೆಯೂ ನಾನೂ ಕಳವಳಪಟ್ಟು ಹುಡುಕಿದೆವು ಅನ್ನುತ್ತಾಳೆ. ಗಂಡನನ್ನು ಮೊದಲು ಹೇಳಿದಳು. ಅವರಿಬ್ಬರ ಸಂಕಟವನ್ನೂ ಒಟ್ಟಿಗೆ ಹೇಳಿದಳು. ‘ನೀವು ನೋಡ್ಕೋಬೇಕಿತ್ತು’ ಅಂತ ಜೋಸೆಫರ ಮೇಲೆ ಹಾಕಿದ್ದು ಅಲ್ಲಿ ಕಾಣುವುದಿಲ್ಲ.

ಜೋಸೆಫರು ಆಡಿದ ಒಂದು ಮಾತೂ ಶುಭಸಂದೇಶಗಳಲ್ಲಿ ಇಲ್ಲ. ಇದನ್ನು ಇಲ್ಲಿರುವ ಗಂಡಸರು ಯಾರೂ ಮನೆಯಲ್ಲಿ ಸಾಕ್ಷಿಗೆ ತರಬೇಡಿ. ಅವರು ಮೂರು ದಿನ ಜೊತೆಗೆ ನಡೆದು ಹುಡುಕಿದರು. ನೀವು ಫೋನ್ ಹಿಡಿದು ಸೋಫಾದಲ್ಲಿ ಸುಮ್ಮನಿರುತ್ತೀರಿ.

ಪೋಪ್ ಫ್ರಾನ್ಸಿಸ್ 2014ರ ಫೆಬ್ರವರಿ 14ರಂದು ಮದುವೆಗೆ ಸಿದ್ಧವಾಗಿದ್ದ ಜೋಡಿಗಳಿಗೆ ಮೂರು ಮಾತು ಹೇಳಿಕೊಟ್ಟಿದ್ದರು. ‘ದಯವಿಟ್ಟು’, ‘ಥ್ಯಾಂಕ್ಸ್’, ‘ಸಾರಿ’. ಜಗಳ ಆಗುತ್ತದೆ, ಆದರೆ ರಾಜಿ ಆಗದೆ ದಿನ ಮುಗಿಸಬೇಡಿ ಅಂದರು. ನಮ್ಮಲ್ಲಿ ಗಂಡ ಹೆಂಡತಿ ನಡುವೆ ಥ್ಯಾಂಕ್ಸ್ ಯಾಕೆ, ನಾವೇನು ಹೊರಗಿನವರಾ ಅಂತೀವಿ. ಹೊರಗಿನವರಿಗೆ ಕೊಡುವ ಮರ್ಯಾದೆ ಒಳಗಿನವರಿಗೆ ಸಿಗದಿದ್ದರೆ ಅದು ಎಂಥ ಸಲಿಗೆ? ‘ಥ್ಯಾಂಕ್ಸ್’ ನಾಲಿಗೆಗೆ ಬರದಿದ್ದರೆ ‘ಚಪಾತಿ ಮೆತ್ತಗಾಗಿತ್ತು ಕಣೇ’ ಅನ್ನಿ. ‘ಸಾರಿ’ ಬರದಿದ್ದರೆ ‘ನಾನು ಹಾಗೆ ಕೂಗಬಾರದಿತ್ತು’ ಅನ್ನಿ. ಆದರೆ ಅದರ ಹಿಂದೆಯೇ ‘ನೀನೂ ಸುಮ್ನೆ ಇರಬೇಕಿತ್ತು’ ಸೇರಿಸಬೇಡಿ. ಸೇರಿಸಿದರೆ ಮೊದಲಿನದ್ದು ಲೆಕ್ಕಕ್ಕಿಲ್ಲ.

ಒಂದು ವಿಷಯ ಬಿಡಿಸಿ ಹೇಳಬೇಕು. ಹೊಡೆತ, ಕುಡಿತ, ಹೆದರಿಕೆ ಇರುವ ಮನೆಗೆ ನಾನು ಹೇಳಿದ್ದು ಯಾವುದೂ ಔಷಧಿ ಅಲ್ಲ. ಅಲ್ಲಿ ತಾಳ್ಮೆಯಿಂದ ಮಾತಾಡಮ್ಮ ಅಂತ ಹೇಳುವುದು ತಪ್ಪು. ಫಾದರ್ ಹತ್ತಿರ, ಸಿಸ್ಟರ್ ಹತ್ತಿರ, ನನ್ನ ಹತ್ತಿರ ಬನ್ನಿ. ಮಹಿಳಾ ಸಹಾಯವಾಣಿ 181 ಇದೆ, ಫೋನ್ ಮಾಡಿ. ವಾಗ್ದಾನ ಮಾಡಿದ್ದು ಪ್ರೀತಿಸಿ ಗೌರವಿಸುತ್ತೇನೆ ಅಂತ, ಏಟು ತಿನ್ನುತ್ತೇನೆ ಅಂತ ಅಲ್ಲ.

ಜೋಡಿ ಕಳೆದುಕೊಂಡು ಒಬ್ಬರೇ ಬಂದಿರುವವರೂ ಇದ್ದೀರಿ. ನೀವು ವಾಗ್ದಾನವನ್ನು ಕೊನೆತನಕ ಉಳಿಸಿಕೊಂಡವರು. ಪೂಜೆಯಲ್ಲಿ ನಿಮಗೆ ಮುಂದಿನ ಸಾಲು ಬಿಟ್ಟಿದ್ದೇವೆ, ಹಿಂದೆ ಹೋಗಿ ಕೂರಬೇಡಿ.

ಇವತ್ತು ಹೇಳುವುದರಿಂದ ಎರಡನೇ ಮದುವೆ ಏನೂ ಆಗುವುದಿಲ್ಲ. ಆವತ್ತಿನದ್ದೇ ಇವತ್ತಿಗೂ ಗಟ್ಟಿ. ಆದರೆ ಆವತ್ತು ಏನೂ ಗೊತ್ತಿಲ್ಲದೆ ಹೇಳಿದಿರಿ. ‘ಆರೋಗ್ಯದಲ್ಲೂ ಅನಾರೋಗ್ಯದಲ್ಲೂ’ ಅಂದಾಗ ಮನಸ್ಸಲ್ಲಿ ನೆಗಡಿ ಜ್ವರ ಇತ್ತು. ಈಗ ಡಯಾಲಿಸಿಸ್, ಬೈಪಾಸ್ ನೋಡಿದ್ದೀರಿ. ‘ಕಷ್ಟದಲ್ಲೂ’ ಅಂದರೆ ಒಡವೆ ಅಡ ಇಡುವುದು ಅಂತ ಈಗ ಗೊತ್ತು. ಗೊತ್ತಿದ್ದೂ ಹೇಳುತ್ತೀರಿ.

ಪೂಜೆಗೆ ಇನ್ನೂ ಇಪ್ಪತ್ತು ನಿಮಿಷ ಇದೆ. ಕುರ್ಚಿ ತಿರುಗಿಸಿ ಎದುರು ಬದುರು ಕೂರಿ. ಒಂದೊಂದು ಹಾಳೆ ಕೊಡುತ್ತೇವೆ. ಹತ್ತು ನಿಮಿಷ ಬರೆಯಿರಿ, ಆಮೇಲೆ ಅದಲು ಬದಲು ಮಾಡಿ ಓದಿ, ಹತ್ತು ನಿಮಿಷ ಮಾತಾಡಿ. ಪ್ರಶ್ನೆ ಒಂದೇ: ಈ ವರ್ಷ ನಿಮಗೆ ಹೇಳಬೇಕು ಅಂದುಕೊಂಡು ಹೇಳದೆ ಉಳಿದದ್ದು ಏನು? ಬರೆಯಲು ಬಾರದವರು ಬಾಯಲ್ಲೇ ಹೇಳಿ. ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು. ದುಡ್ಡಿನ ಲೆಕ್ಕ, ಅತ್ತೆ ನಾದಿನಿ ವಿಚಾರ ಇವತ್ತಿಗೆ ಬೇಡ, ಅದಕ್ಕೆ ಹತ್ತು ನಿಮಿಷ ಸಾಲುವುದಿಲ್ಲ. ಮಕ್ಕಳು ಸಿಸ್ಟರ್ ಜೊತೆ ಹೊರಗೆ ಹೋಗಿ. ಪೆನ್ನು ಬೇಕಾದವರು ಕೈ ಎತ್ತಿ.