ರೋಗಿಗಳಿಗೆ ಕಳುಹಿಸುವ ಸೂಚನೆಗಳು: ತಿದ್ದಿ ಬರೆದ ಪ್ರತಿ

ನಮ್ಮ ಕ್ಲಿನಿಕ್ಕಿನ ರಿಸೆಪ್ಷನ್‌ನಿಂದ ಈವರೆಗೆ ವಾಟ್ಸಾಪ್‌ನಲ್ಲಿ ಹೋಗುತ್ತಿದ್ದ ಸಂದೇಶಗಳನ್ನೂ ಅವುಗಳ ಬದಲಿಗೆ ಇನ್ನು ಮುಂದೆ ಕಳುಹಿಸಬೇಕಾದ ಸೂಚನೆಗಳನ್ನೂ ಇಲ್ಲಿ ಕೊಟ್ಟಿದೆ.

ಹಿಂದಿನದು: "ನಾಳೆ 8ಕ್ಕೆ ಶುಗರ್ ಟೆಸ್ಟ್ ಇದೆ, ಖಾಲಿ ಹೊಟ್ಟೇಲಿ ಬನ್ನಿ, ಲೇಟ್ ಮಾಡ್ಬೇಡಿ."

ಕಳೆದ ತಿಂಗಳು ಹಿರಿಯರೊಬ್ಬರು ಇದನ್ನು ಓದಿ, ತಿಂಡಿ ಬಿಟ್ಟು ಕಾಫಿ ಮಾತ್ರ ಕುಡಿದು ಬಂದಿದ್ದರು. ರಕ್ತ ಕೊಡಲಾಗದೆ ಹಿಂದಿರುಗಿದರು. ತಪ್ಪು ಅವರದಲ್ಲ.

ಈಗಿನದು: "ಮಾನ್ಯರೇ, ತಮ್ಮ ರಕ್ತದ ಸಕ್ಕರೆಯ ಪರೀಕ್ಷೆಯು ನಾಳೆ, ಮಾರ್ಚ್ 12ರ ಗುರುವಾರ, ಬೆಳಿಗ್ಗೆ 8 ಗಂಟೆಗೆ ನಿಗದಿಯಾಗಿದೆ. ದಯವಿಟ್ಟು ಇಂದು ರಾತ್ರಿ 10 ಗಂಟೆಯೊಳಗೆ ಊಟ ಮುಗಿಸಿ, ಆ ಬಳಿಕ ರಕ್ತ ಕೊಡುವವರೆಗೆ ಕಾಫಿ, ಟೀ, ಹಾಲು ಸೇರಿದಂತೆ ಏನನ್ನೂ ಸೇವಿಸದಿರಿ; ನೀರು ಕುಡಿಯಬಹುದು. ತಿಂಡಿ ತಿನ್ನಲು ಆರಂಭಿಸಿದ 2 ಗಂಟೆಗಳ ನಂತರ ಮತ್ತೊಮ್ಮೆ ರಕ್ತ ತೆಗೆಯಬೇಕಾಗಿರುವುದರಿಂದ, ಸುಮಾರು 11 ಗಂಟೆಯವರೆಗೆ ಬಿಡುವು ಮಾಡಿಕೊಂಡು, ತಿಂಡಿಯನ್ನು ಜೊತೆಗೇ ತರುವುದು ಅನುಕೂಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ, ನಾಳೆಯ ಡೋಸ್ ಬಗ್ಗೆ ಇಂದು ಸಂಜೆ 6ರೊಳಗೆ ಕರೆ ಮಾಡಿ ವೈದ್ಯರ ಸಲಹೆ ಪಡೆಯಿರಿ. ಉಪವಾಸದಲ್ಲಿರುವಾಗ ಬೆವರು, ನಡುಕ ಅಥವಾ ತಲೆಸುತ್ತು ಕಂಡರೆ ಪರೀಕ್ಷೆಗಾಗಿ ತಡೆದುಕೊಳ್ಳದೆ ಕೂಡಲೇ ಸಕ್ಕರೆ ಸೇವಿಸಿ, ನಮಗೆ ತಿಳಿಸಿ. ಪರೀಕ್ಷೆಯನ್ನು ಬೇರೆ ದಿನ ಮಾಡಬಹುದು."

ಹಿಂದಿನದು: "ಡಾಕ್ಟ್ರು ಇವತ್ತು ಬರಲ್ಲ, ಅಪಾಯಿಂಟ್‌ಮೆಂಟ್ ಕ್ಯಾನ್ಸಲ್. ಸೋಮವಾರ ನೋಡೋಣ."

'ನೋಡೋಣ' ಎಂಬ ಮಾತನ್ನು ನಂಬಿ ಬಸ್ಸು ಹಿಡಿದು ಬರುವವರಿದ್ದಾರೆ.

ಈಗಿನದು: "ಮಾನ್ಯರೇ, ವೈದ್ಯರು ತುರ್ತು ಕಾರಣದಿಂದ ಇಂದು, ಮಾರ್ಚ್ 14ರ ಶನಿವಾರ, ಕ್ಲಿನಿಕ್ಕಿಗೆ ಬರಲಾಗದಿರುವುದರಿಂದ ತಮ್ಮ ಸಂಜೆ 5.30ರ ಭೇಟಿಯನ್ನು ರದ್ದುಪಡಿಸಬೇಕಾಗಿದೆ. ತಮಗಾಗುವ ತೊಂದರೆಗೆ ಕ್ಷಮೆ ಕೋರುತ್ತೇವೆ. ಮಾರ್ಚ್ 16ರ ಸೋಮವಾರ ಬೆಳಿಗ್ಗೆ 10 ಗಂಟೆ ಅಥವಾ ಸಂಜೆ 6 ಗಂಟೆಯ ಸಮಯವನ್ನು ತಮಗಾಗಿ ಕಾಯ್ದಿರಿಸಿದ್ದು, ಯಾವುದು ಅನುಕೂಲವೆಂದು ಇದೇ ಸಂಖ್ಯೆಗೆ ಭಾನುವಾರ ಮಧ್ಯಾಹ್ನದೊಳಗೆ ತಿಳಿಸಿ. ತಾವು ಈಗಾಗಲೇ ಕಟ್ಟಿರುವ ಶುಲ್ಕವೇ ಆ ಭೇಟಿಗೂ ಅನ್ವಯಿಸುತ್ತದೆ. ಮಾತ್ರೆಗಳು ಸೋಮವಾರದೊಳಗೆ ಮುಗಿಯುವಂತಿದ್ದರೆ ಇಂದೇ ಹೇಳಿ. ಎದೆನೋವು, ಉಸಿರಾಟದ ತೊಂದರೆಯಂತಹ ತುರ್ತು ಲಕ್ಷಣಗಳಿದ್ದರೆ ನಮ್ಮ ಉತ್ತರಕ್ಕೆ ಕಾಯದೆ 108ಕ್ಕೆ ಕರೆ ಮಾಡಿ."

ಹಿಂದಿನದು: "ನಿನ್ನೆ ಯಾಕೆ ಬಂದಿಲ್ಲ? ಮೊದ್ಲೇ ಹೇಳ್ಬೇಕಲ್ವಾ."

ಈಗಿನದು: "ಮಾನ್ಯರೇ, ನಿನ್ನೆಯ ಭೇಟಿಗೆ ತಾವು ಬರಲಾಗಲಿಲ್ಲವೆಂದು ಗಮನಿಸಿದ್ದೇವೆ; ತಾವು ಕ್ಷೇಮವೆಂದು ಭಾವಿಸುತ್ತೇವೆ. ಹೊಸ ದಿನಾಂಕ ಬೇಕಿದ್ದರೆ ತಿಳಿಸಿ. ಯುಗಾದಿಯ ಪ್ರಯುಕ್ತ ಮಾರ್ಚ್ 19ರ ಗುರುವಾರ ಕ್ಲಿನಿಕ್ ತೆರೆದಿರುವುದಿಲ್ಲ. ಮುಂದೆ ಬರಲಾಗದ ಸಂದರ್ಭದಲ್ಲಿ ಹಿಂದಿನ ದಿನವೇ ಒಂದು ಸಾಲು ಬರೆದರೆ, ಆ ಸಮಯವನ್ನು ಕಾಯುತ್ತಿರುವ ಮತ್ತೊಬ್ಬರಿಗೆ ಕೊಡಲು ನಮಗೆ ಸಾಧ್ಯವಾಗುತ್ತದೆ."