ಕೊಳೆ ಔಷಧಿ, ಜೂನ್ 2 ಮತ್ತು 3: ಫೋನಿನಲ್ಲಿ ಒಪ್ಪಿಕೊಂಡ ವಿಷಯ

ಮಂಜಣ್ಣ, ನಮಸ್ಕಾರ.

ಇವತ್ತು ಮಧ್ಯಾಹ್ನ ಮಾತಾಡುವಾಗ ಎರಡು ಸಲ ಕಾಲ್ ಕಟ್ ಆಯಿತು. ಮೇಗರವಳ್ಳಿ ಕಡೆ ಸಿಗ್ನಲ್ ಹೇಗೆ ಅಂತ ನಿಮಗೂ ಗೊತ್ತಲ್ವಾ. ವಾಟ್ಸಾಪ್‌ನಲ್ಲಿ ಹಾಕಿದರೆ ಹಿಂದೆ ಬಿದ್ದು ಸಿಗುವುದೇ ಇಲ್ಲ, ಮೇಲ್ ಮಾಡಿ, ಪ್ರಿಂಟ್ ತೆಗೆಸಿ ಗಾಡಿಯಲ್ಲಿ ಇಟ್ಟುಕೊಳ್ಳುತ್ತೇನೆ ಅಂದಿರಿ. ಅದಕ್ಕೇ ಎಲ್ಲ ಬರೆಯುತ್ತಿದ್ದೇನೆ. ಏನಾದರೂ ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ಈಗಲೇ ಹೇಳಿ.

ಅಡಿಕೆ ತೋಟಕ್ಕೆ ಮೊದಲ ಸುತ್ತಿನ ಔಷಧಿ ಜೂನ್ 2 ಮಂಗಳವಾರ, ಜೂನ್ 3 ಬುಧವಾರ. ಬೆಳಿಗ್ಗೆ ಏಳೂವರೆಗೆ ನೀವು ಮತ್ತು ಮೂರು ಜನ, ಒಟ್ಟು ನಾಲ್ಕು ಮಂದಿ ತೋಟದಲ್ಲಿ ಇರುತ್ತೀರಿ. ಎರಡು ದೋಟಿ. ಸ್ಪ್ರೇ ಎಂಜಿನ್, ಪೈಪು, ಪೆಟ್ರೋಲ್ ಎಲ್ಲ ನಿಮ್ಮದು. ತಿಂಡಿ, ಮಧ್ಯಾಹ್ನದ ಊಟ, ಎರಡು ಹೊತ್ತಿನ ಚಹಾ ನಮ್ಮ ಮನೆಯದು. ಅಮ್ಮ ಈಗಲೇ ಕಡುಬಿಗೆ ಅಕ್ಕಿ ಎಷ್ಟು ಅಂತ ಲೆಕ್ಕ ಹಾಕುತ್ತಿದ್ದಾಳೆ. ಜನ ಹೆಚ್ಚು ಕಡಿಮೆ ಆದರೆ ಹಿಂದಿನ ದಿನ ಸಂಜೆಯೊಳಗೆ ಒಂದು ಮಾತು ತಿಳಿಸಿ.

ದುಡ್ಡಿನ ವಿಷಯ. ಲೆಕ್ಕ ಬ್ಯಾರಲ್ ಮೇಲೆ, ಮರದ ಮೇಲಲ್ಲ. 200 ಲೀಟರಿನ ಒಂದು ಬ್ಯಾರಲ್‌ಗೆ 1,000 ರೂಪಾಯಿ. ತೋಟದಲ್ಲಿ ಸುಮಾರು 1,100 ಮರ ಇರುವುದರಿಂದ 12 ಬ್ಯಾರಲ್ ಸಾಕು ಅಂದಿರಿ. ಅಲ್ಲಿಗೆ 12,000. ಒಂದೋ ಎರಡೋ ಬ್ಯಾರಲ್ ಹೆಚ್ಚು ಬೇಕಾದರೆ ಕಲಸುವ ಮೊದಲು ಅಪ್ಪನಿಗೆ ಹೇಳಬೇಕು, ಆಮೇಲೆ ಅಲ್ಲ. ಈಗ ಮುಂಗಡ 3,000 ಕಳಿಸಿದ್ದೇನೆ, ಬಂದಿದೆಯಾ ನೋಡಿ. ಉಳಿದದ್ದು ಬುಧವಾರ ಸಂಜೆ ಕೆಲಸ ಮುಗಿದ ಮೇಲೆ ಅಪ್ಪನೇ ಕೈಗೆ ಕೊಡುತ್ತಾರೆ.

ಇಷ್ಟು ಬಿಡಿಸಿ ಬರೆಯುವುದಕ್ಕೆ ಕಾರಣ ಇದೆ. ಹೋದ ವರ್ಷ ಬೇರೆ ತಂಡದವರ ಹತ್ತಿರ ಬರೀ ಫೋನಿನಲ್ಲಿ ಮಾತಾಡಿದ್ದೆವು. ಅಪ್ಪ ಮರದ ಲೆಕ್ಕ ಅಂದುಕೊಂಡಿದ್ದರು, ಅವರು ಬ್ಯಾರಲ್ ಲೆಕ್ಕ ಅಂದುಕೊಂಡಿದ್ದರು. ಸಂಜೆ ಅಂಗಳದಲ್ಲಿ ನಿಂತು ಜಗಳ. ಎಪ್ಪತ್ನಾಲ್ಕು ವರ್ಷದ ಅಪ್ಪ ಆ ರಾತ್ರಿ ಊಟ ಮಾಡದೆ ಮಲಗಿದರು. ಅದು ಇನ್ನೊಮ್ಮೆ ಆಗುವುದು ಬೇಡ, ನಿಮ್ಮ ಹುಡುಗರಿಗೂ ಬೇಡ.

ಮೈಲುತುತ್ತ 24 ಕೆಜಿ, ಚಿಪ್ಪು ಸುಣ್ಣ 24 ಕೆಜಿ, ಜೊತೆಗೆ ಅಂಟು, ಇವು ನಮ್ಮ ಖರ್ಚು. ಭಾನುವಾರ ತೀರ್ಥಹಳ್ಳಿಯಿಂದ ತಂದು ಇಡುತ್ತೇನೆ. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಹೇಳಲಾಗದು. ಹಾಗಾಗಿ ಸೋಮವಾರವೇ ಅಪ್ಪ ಮೋಟಾರ್ ಹಾಕಿ ತೊಟ್ಟಿ ತುಂಬಿಸಿರುತ್ತಾರೆ.

ಕಲಸುವ ರೀತಿಯನ್ನೂ ಮಾತಾಡಿಕೊಂಡಿದ್ದೇವೆ. ಒಂದು ಬ್ಯಾರಲ್‌ಗೆ ಎರಡು ಕೆಜಿ ತುತ್ತ, ಎರಡು ಕೆಜಿ ಸುಣ್ಣ, ಅಂದರೆ ಶೇಕಡ 1ರ ಬೋರ್ಡೋ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯಬೇಕು. ಪ್ರತಿ ಬ್ಯಾರಲ್‌ಗೂ ಅಪ್ಪ ಕತ್ತಿ ಅದ್ದಿ ನೋಡುತ್ತಾರೆ. ಮಸೆದು ತೊಳೆದ ಕತ್ತಿಯ ಅಂಚಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಲೆಕ್ಕ, ಇನ್ನಷ್ಟು ಸೇರಿಸಿ ಮತ್ತೆ ನೋಡಬೇಕು. ಇದರಿಂದ ಬ್ಯಾರಲ್‌ಗೆ ಐದು ನಿಮಿಷ ತಡವಾಗಬಹುದು. ಹುಡುಗರು ಬೇಜಾರು ಮಾಡಿಕೊಳ್ಳದಂತೆ ಮೊದಲೇ ಹೇಳಿಡಿ. ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನಲವತ್ತು ವರ್ಷದಿಂದ ಅವರು ಹಾಗೇ ಮಾಡಿಕೊಂಡು ಬಂದವರು.

ಮಳೆ ಬಂದರೆ ಏನು ಅನ್ನುವಾಗಲೇ ಕಾಲ್ ಕಟ್ ಆಗಿದ್ದು. ನನಗೆ ಅರ್ಥವಾದದ್ದು ಹೀಗೆ. ಬೆಳಿಗ್ಗೆ ಆರೂವರೆಗೆ ಅಪ್ಪ ಆಕಾಶ ನೋಡಿ ನಿಮಗೆ ಫೋನ್ ಮಾಡುತ್ತಾರೆ. ಬೇಡ ಅಂದರೆ ಹೊರಡಬೇಡಿ, ಆ ದಿನಕ್ಕೆ ಏನೂ ಕೊಡುವುದಿಲ್ಲ, ಹೊಳವಾದ ಮೊದಲ ದಿನಕ್ಕೆ ಕೆಲಸ ಹೋಗುತ್ತದೆ. ಕಲಸಿದ ಔಷಧಿ ಅವತ್ತೇ ಖರ್ಚಾಗಬೇಕು, ಮಾರನೆ ದಿನಕ್ಕೆ ಇಡುವಂತಿಲ್ಲ. ಆದ್ದರಿಂದ ಒಂದೊಂದೇ ಬ್ಯಾರಲ್ ಕಲಸುವುದು. ಹೊಡೆದ ಎರಡು ಗಂಟೆಯೊಳಗೆ ಜೋರು ಮಳೆ ಬಂದು ತೊಳೆದುಹೋದರೆ ಆ ಸಾಲುಗಳಿಗೆ ಮತ್ತೆ ಹೊಡೆಯುವುದು, ಸಾಮಾನು ನಮ್ಮದು, ಕೂಲಿ ಅರ್ಧ. ಈ ಅರ್ಧ ಕೂಲಿಯ ಮಾತು ಒಂದೇ ನನಗೆ ಸರಿಯಾಗಿ ಕೇಳಿಸಿಲ್ಲ. ನೀವು ಒಪ್ಪಿದಿರಿ ಅಂತಲೇ ಅಂದುಕೊಂಡಿದ್ದೇನೆ. ಉತ್ತರದಲ್ಲಿ ಇದಕ್ಕೆ ಮರೆಯದೆ ಹೌದು ಅಥವಾ ಇಲ್ಲ ಅಂತ ಬರೆಯಿರಿ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು ಕರೆಂಟ್ ಲೈನ್. ತೋಟದ ಕೆಳಮೂಲೆಯಲ್ಲಿ, ಹಳ್ಳದ ಬದಿಗೆ ಮೆಸ್ಕಾಂ ಲೈನ್ ಹಾದುಹೋಗುತ್ತದೆ. ಅದರ ಅಡಿ ಮತ್ತು ಅಕ್ಕಪಕ್ಕ 14 ಮರ ಇವೆ. ಅವಕ್ಕೆ ಔಷಧಿ ಬೇಡ. ಆ ಹದಿನಾಲ್ಕಕ್ಕೂ ಅಪ್ಪ ಎದೆಮಟ್ಟಕ್ಕೆ ಕೆಂಪು ಬಟ್ಟೆ ಕಟ್ಟಿರುತ್ತಾರೆ. ಕೆಂಪು ಬಟ್ಟೆ ಕಂಡ ಕಡೆ ದೋಟಿ ಎತ್ತುವುದೇ ಬೇಡ, ಅಲ್ಲಿ ಹೋಗುವಾಗ ಮಡಚಿ ಮಲಗಿಸಿಕೊಂಡೇ ಹೋಗಲಿ. ಕಾರ್ಬನ್ ಫೈಬರ್ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ಹಗುರ ಇದೆ, ಪ್ಲಾಸ್ಟಿಕ್ ಇದ್ದ ಹಾಗಿದೆ ಅಂತ ಹುಡುಗರು ಅಂದುಕೊಳ್ಳುತ್ತಾರೆ. ಒದ್ದೆಯಾಗಿದ್ದರಂತೂ ಕೇಳುವುದೇ ಬೇಡ. ತಂತಿಗೆ ತಾಗಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದರೂ ಅಪಾಯ.

ಲೈನ್ ಆಫ್ ಮಾಡಿಸಿಕೊಂಡು ಹೊಡೆಯೋಣ, ಅರ್ಧ ಗಂಟೆ ಕೆಲಸ ಅಂತ ನೀವು ಮೊದಲು ಹೇಳಿದಿರಿ. ನಮಗೆ ಒಳ್ಳೆಯದಾಗಲಿ ಅಂತಲೇ ಹೇಳಿದ್ದು, ಗೊತ್ತು. ಆದರೆ ಆಫ್ ಆಗಿದೆ ಅಂತ ಫೋನಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಒಬ್ಬ ಹುಡುಗ ದೋಟಿ ಎತ್ತುವುದು ನನಗೆ ಬೇಡ. ಆ ಹದಿನಾಲ್ಕು ಮರದ ಅಡಿಕೆ ಕೊಳೆತು ಉದುರಿದರೆ ಉದುರಲಿ. ಕೊನೆಗೆ ನೀವೂ ಸರಿ ಅಂದಿರಿ. ಆ ಸರಿಯನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಕೆಲಸ ಶುರು ಮಾಡುವ ಮುಂಚೆ ನಾಲ್ವರನ್ನೂ ಆ ಮೂಲೆಗೆ ಕರೆದುಕೊಂಡು ಹೋಗಿ ತಂತಿ ತೋರಿಸಿ. ಅಪ್ಪನೂ ಜೊತೆಗೆ ಬರುತ್ತಾರೆ. ಅವರಿಗೆ ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಮಾತಾಡಿ.

ಕೈಗವಸು, ಕನ್ನಡಕ ನಾಲ್ಕು ಜೊತೆ ನಾನೇ ಕಳಿಸುತ್ತೇನೆ.

ಎರಡನೇ ಸುತ್ತು ಜುಲೈ 15ರ ಬುಧವಾರದ ಹೊತ್ತಿಗೆ, ಪುನರ್ವಸು ಮಳೆ ಬಿಡುವು ಕೊಟ್ಟ ದಿನ. ದರ ಇದೇ. ತಾರೀಕು ಆಗ ಮತ್ತೆ ಮಾತಾಡಿ ಗಟ್ಟಿ ಮಾಡಿಕೊಳ್ಳೋಣ. ಇವತ್ತಿನ ಮುಂಗಡ ಮೊದಲ ಸುತ್ತಿಗೆ ಮಾತ್ರ.

ನಾನು ಶಿವಮೊಗ್ಗದಲ್ಲೇ ಇರುತ್ತೇನೆ, ಆ ಎರಡು ದಿನ ರಜೆ ಸಿಗಲಿಲ್ಲ. ತೋಟದಲ್ಲಿ ಅಪ್ಪನ ಮಾತೇ ನನ್ನ ಮಾತು. ಅವರಿಗೂ ಇದರ ಒಂದು ಪ್ರತಿ ಕೊಟ್ಟಿರುತ್ತೇನೆ. ಮಂಗಳವಾರ, ಮೇ 26ರ ಸಂಜೆಯೊಳಗೆ ಒಂದು ಸಾಲು ಉತ್ತರ ಹಾಕಿ, ಆಮೇಲೆ ಸಾಮಾನಿಗೆ ಹೇಳುತ್ತೇನೆ.

ಇಂತಿ,
ಸುಮಾ

ಮತ್ತೊಂದು ಮಾತು: ಎಂಜಿನ್, ಬ್ಯಾರಲ್, ಪೈಪು ಯಾವುದನ್ನೂ ಹಳ್ಳದಲ್ಲಿ ತೊಳೆಯುವುದು ಬೇಡ. ಕೆಳಗಿನ ಮನೆಯವರ ಮೀನಿನ ಹೊಂಡಕ್ಕೆ ಅದೇ ನೀರು ಹೋಗುತ್ತದೆ, ತುತ್ತ ಮೀನಿಗೆ ಆಗುವುದಿಲ್ಲ. ಕೊಟ್ಟಿಗೆಯ ಹಿಂದೆ ಗುಂಡಿ ತೆಗೆಸಿದ್ದೇವೆ, ಅಲ್ಲೇ ತೊಳೆಯಿರಿ.