ನಮ್ಮ ಕ್ಲಾಸು, ನಾವೇ ಮಾಡಿದ ಮಾತು

ಒಂದನೇ ತರಗತಿ, ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ಮೂಡಿಗೆರೆ ತಾಲ್ಲೂಕು

ಎಲ್ಲರೂ ಸುತ್ತ ಕೂತು ಮಾತಾಡಿದೆವು. ಮಿಸ್ ಬರೆದರು. ಚಿತ್ರ ನಮ್ಮದು.

ಕಿವಿ 👂
ಒಬ್ಬರು ಮಾತಾಡುವಾಗ ಉಳಿದವರು ಕೇಳುತ್ತೇವೆ. ಹೇಳೋದಿದ್ದರೆ ಕೈ ಎತ್ತುತ್ತೇವೆ.

ಕಾಲು 👣
ಒಳಗೆ ನಡೆಯುತ್ತೇವೆ. ಓಟ, ಕುಣಿತ ಎಲ್ಲ ಮೈದಾನದಲ್ಲಿ!

ಮಳೆ ಬಂದಾಗ ☔
ಕೊಡೆ ಮಡಚಿ ಜಗಲಿಯ ಬಕೆಟ್‌ಗೆ ಹಾಕುತ್ತೇವೆ. ರೈನ್‌ಕೋಟ್ ಮೊಳೆಗೆ ನೇತು ಹಾಕುತ್ತೇವೆ. ಗೋಣಿಚೀಲದ ಮೇಲೆ ಕಾಲು ಒರೆಸಿ ಒಳಗೆ ಬರುತ್ತೇವೆ. ಇಂಬಳ ಹತ್ತಿದ್ದರೆ ಮಿಸ್‌ಗೆ ತೋರಿಸುತ್ತೇವೆ. ಪಕ್ಕದವರ ಕಾಲೂ ನೋಡುತ್ತೇವೆ.

ಕಾರ್ಡು
ನಲಿ-ಕಲಿ ಕಾರ್ಡನ್ನು ಅದರ ಟ್ರೇಗೇ ವಾಪಸ್ ಇಡುತ್ತೇವೆ.

ಬಿಸಿಯೂಟ 🍚
ಸೋಪು ಹಾಕಿ ಕೈ ತೊಳೆಯುತ್ತೇವೆ. ಸಾಲಲ್ಲಿ ನಿಲ್ಲುತ್ತೇವೆ. ಮೊದಲು ಸ್ವಲ್ಪ ಹಾಕಿಸಿಕೊಳ್ಳುತ್ತೇವೆ, ಬೇಕಾದರೆ ಮತ್ತೆ ಕೇಳುತ್ತೇವೆ.

ಸಿಟ್ಟು ಬಂದಾಗ 😠
"ನಂಗೆ ಸಿಟ್ಟು ಬಂದಿದೆ" ಅಂತ ಬಾಯಲ್ಲಿ ಹೇಳುತ್ತೇವೆ. ಕೈ ಕಟ್ಟಿಕೊಳ್ಳುತ್ತೇವೆ. ಬೇಕಾದರೆ ಕಿಟಕಿ ಹತ್ತಿರ ಹೋಗಿ ಕೂರುತ್ತೇವೆ. ಸಿಟ್ಟು ಇಳಿದ ಮೇಲೆ ಆಟಕ್ಕೆ ಬರುತ್ತೇವೆ.

ನೋವಾದಾಗ, ಹೆದರಿಕೆ ಆದಾಗ
ತಕ್ಷಣ ಮಿಸ್‌ಗೆ ಹೇಳುತ್ತೇವೆ.

ಯಾರಾದರೂ ಒಬ್ಬರೇ ಕೂತಿದ್ದರೆ
"ಬಾ, ಆಡೋಣ" ಅಂತ ಕರೆಯುತ್ತೇವೆ.

ಒಪ್ಪಿದ್ದೇವೆ. ಇವು ನಮ್ಮ ಹೆಬ್ಬೆರಳ ಗುರುತು: 🔴🟡🟢🔵

---

ಮನೆಯವರಿಗೆ, ಮಿಸ್ ಕಡೆಯಿಂದ

ನಿಯಮ ಹೇಳಿ ಅಂದಾಗ ಮಕ್ಕಳ ಬಾಯಿಂದ ಮೊದಲು ಬಂದದ್ದೆಲ್ಲ "ಬಾರದು". ಹೊಡೀಬಾರದು, ತಳ್ಳಬಾರದು, ಕಿರುಚಬಾರದು, ಓಡಬಾರದು. ಓಡಬಾರದು ಅಂದ ಕೂಡಲೇ ಒಬ್ಬ ಕೇಳಿದ: "ಮಿಸ್, ಕುಪ್ಪಳಿಸಬಹುದಾ?" ನ್ಯಾಯವಾದ ಪ್ರಶ್ನೆಯೇ ಅಲ್ವಾ? ಏನು ಮಾಡಬಾರದು ಅಂತ ಮಾತ್ರ ಹೇಳಿದರೆ, ಏನು ಮಾಡಬೇಕು ಅನ್ನೋದನ್ನು ಆರು ವರ್ಷದ ಮಗು ತಾನೇ ಊಹಿಸಬೇಕಾಗುತ್ತದೆ. ಹಾಗಾಗಿ ಪ್ರತಿ ಸಲ "ಹಾಗಾದರೆ ಏನು ಮಾಡೋಣ?" ಅಂತ ಕೇಳಿದೆ. ಮೇಲಿರುವುದು ಅವರ ಉತ್ತರಗಳು. ಸಿಟ್ಟಿನದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಕಿಟಕಿ ಅವರದೇ ಉಪಾಯ. ಅದು ಶಿಕ್ಷೆಯ ಜಾಗ ಅಲ್ಲ, ಹೋಗೋದೂ ಬರೋದೂ ಮಗುವಿನ ಇಷ್ಟ.

"ಚಾಡಿ ಹೇಳಬಾರದು" ಅನ್ನೋದನ್ನು ಮಾತ್ರ ನಾನೇ ಒಪ್ಪಲಿಲ್ಲ. ಪೆನ್ಸಿಲ್ ಜಗಳ ಹೇಳಿಕೊಂಡು ದಿನಕ್ಕೆ ಹತ್ತು ಸಲ ಬಂದರೂ ಪರವಾಗಿಲ್ಲ, ಪೆಟ್ಟಾದ ಮಗು ಸುಮ್ನೆ ಇರಬಾರದು.

ಪೋಸ್ಟರನ್ನು ಮಕ್ಕಳ ಎತ್ತರಕ್ಕೇ ಅಂಟಿಸಿದ್ದೇವೆ. ಓದು ಇನ್ನೂ ಬರಬೇಕಷ್ಟೇ, ಅವರು ಚಿತ್ರ ನೋಡಿ ಹೇಳುತ್ತಾರೆ. ಶಾಲೆಗೆ ಬಂದಾಗ ನೀವೂ ಬಗ್ಗಿ ನೋಡಿ, ಯಾವ ಚಿತ್ರ ಯಾರದು ಅಂತ ಕೇಳಿ. "ತಡಿ, ಮಿಸ್‌ಗೆ ಹೇಳ್ತೀನಿ" ಅಂತ ಮನೆಯಲ್ಲಿ ಹೆದರಿಸಲು ಮಾತ್ರ ಇದನ್ನು ಬಳಸಬೇಡಿ.